‘ಒಳ್ಳೆ ಅವಕಾಶ ಸಿಕ್ಕಿತು’ ಅನ್ನೋದು ಕಾರಣ ಅಲ್ಲ

ಪ್ರಶ್ನೆ: ಕೆಲಸ ಬಿಟ್ಟು ಹೋಗುವವರೆಲ್ಲ ‘ಸಂಬಳ’, ‘ಒಳ್ಳೆ ಅವಕಾಶ’ ಅಂತಲೇ ಹೇಳ್ತಾರೆ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ನಿಜವಾದ ಕಾರಣ ತಿಳಿಯೋದು ಹೇಗೆ?

ಈ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳಿದವರ ಫಾರಂ ತರಿಸಿ ನೋಡಿದರೆ ಮೊದಲ ಸಾಲಲ್ಲೇ ‘ಬಿಡಲು ಕಾರಣವೇನು?’ ಅಂತಿರುತ್ತದೆ, ಕೆಳಗೆ ಟಿಕ್ ಹಾಕಲು ಎಂಟು ಚೌಕ. ರಿಲೀವಿಂಗ್ ಲೆಟರ್, ಬಾಕಿ ಹಣ, ನಾಳೆ ಹೊಸ ಕಂಪನಿಯವರು ಫೋನ್ ಮಾಡಿ ವಿಚಾರಿಸಿದರೆ ನೀವು ಹೇಳುವ ಮಾತು, ಎಲ್ಲವೂ ನಿಮ್ಮ ಕೈಯಲ್ಲೇ ಇರುವಾಗ ಯಾರು ತಾನೇ ‘ಮ್ಯಾನೇಜರ್ ಸರಿ ಇಲ್ಲ’ ಅಂತ ಟಿಕ್ ಹಾಕುತ್ತಾರೆ? ‘ಸಂಬಳ’ ಅಂದರೆ ಯಾರಿಗೂ ನೋವಾಗಲ್ಲ, ಅದನ್ನೇ ಹೇಳಿ ಹೋಗುತ್ತಾರೆ.

‘ಯಾಕೆ’ ಅಂತ ಕೇಳಬೇಡಿ, ‘ಯಾವಾಗ’ ಅಂತ ಕೇಳಿ. ‘ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ? ಆ ವಾರ ಏನಾಗಿತ್ತು?’ ಯಾಕೆ ಅಂದರೆ ಸಮರ್ಥನೆ ಹೊರಡುತ್ತದೆ, ಯಾವಾಗ ಅಂದರೆ ಜನ ನಡೆದದ್ದನ್ನು ಹೇಳುತ್ತಾರೆ. ಎರಡನೆಯ ಪ್ರಶ್ನೆ: ‘ಬೇರೆ ಕಂಪನಿಯವರ ಫೋನ್ ಮೊದಲೂ ಬಂದಿರುತ್ತದಲ್ವಾ, ಈ ಸಲ ಯಾಕೆ ಮಾತು ಮುಂದುವರಿಸಿದಿರಿ?’ ಹೊರಗಿನ ಕೆಲಸ ಎಳೆದುಕೊಂಡಿತೋ ಒಳಗಿನದು ತಳ್ಳಿತೋ ಅನ್ನೋದು ಇಲ್ಲಿ ಬೇರೆಯಾಗುತ್ತದೆ. ಇಷ್ಟು ಕೇಳಿ ಸುಮ್ಮನಿರಿ. ಮಧ್ಯೆ ಬಾಯಿ ಹಾಕಿ ಕಂಪನಿ ಪರ ವಾದ ಮಾಡಿದಿರೋ, ಮಾತು ಅಲ್ಲಿಗೇ ನಿಲ್ಲುತ್ತದೆ.

ಒಂದು ಉದಾಹರಣೆ. ಗ್ರಾಹಕರ ದೂರು ನೋಡುವ 40 ಜನರ ತಂಡ, ವರ್ಷದಲ್ಲಿ 11 ಮಂದಿ ಬಿಟ್ಟರು. 8 ಫಾರಂನಲ್ಲಿ ‘ಸಂಬಳ’. ಆಡಳಿತದವರು ಸಂಬಳ ಏರಿಸುವ ಲೆಕ್ಕ ಶುರು ಮಾಡಿದ್ದರು. ಆ ಎಂಟೂ ಜನರ ಜೊತೆ ಮತ್ತೆ ಮಾತಾಡಿದೆ. 6 ಮಂದಿಗೆ ಬಿಡುವ ಯೋಚನೆ ಬಂದದ್ದು ಒಂದೇ ಅವಧಿಯಲ್ಲಿ, ಎರಡು ತಿಂಗಳ ಒಳಗೆ. ಆಗ ಆದದ್ದೇನು ಅಂದರೆ, ಮುಂದಿನ ವಾರದ ಶಿಫ್ಟ್ ಪಟ್ಟಿಯನ್ನು ಹಿಂದಿನ ಶುಕ್ರವಾರ ಸಂಜೆ ಕೊಡುವ ಪದ್ಧತಿ ಶುರುವಾಗಿತ್ತು. ವಾರದ ರಜೆ ಯಾವತ್ತು ಅಂತಲೇ ಗೊತ್ತಿಲ್ಲದೆ ಮನೆ ನಡೆಸೋದು ಹೇಗೆ? ಒಬ್ಬರಂತೂ ಹಿಂದೆ ಮೂರು ಸಲ ಬೇಡ ಅಂದಿದ್ದ ಅದೇ ಕಂಪನಿಗೆ ಈ ಸಲ ಹೂಂ ಅಂದಿದ್ದರು, ಸಂಬಳ ಹೆಚ್ಚುಕಮ್ಮಿ ಅಷ್ಟೇ. ಉಳಿದ ಇಬ್ಬರು ನಿಜವಾಗಿಯೂ ದುಡ್ಡಿಗಾಗಿ ಹೋದವರು, ಅಂಥವರೂ ಇರುತ್ತಾರೆ.

ಇದು ಕಂಡದ್ದು ದಿನಾಂಕ ಬರೆದಿಟ್ಟದ್ದರಿಂದ. ಹಾಗಾಗಿ ಪ್ರತಿಯೊಬ್ಬರ ಬಗ್ಗೆ ನಾಲ್ಕು ವಿಷಯ ಬರೆದಿಡಿ: ಯೋಚನೆ ಶುರುವಾದ ತಿಂಗಳು, ಆಗ ನಡೆದ ಘಟನೆ ಅವರದೇ ಮಾತಿನಲ್ಲಿ, ತಂಡ, ಎಷ್ಟು ಕಾಲ ಕೆಲಸ ಮಾಡಿದ್ದರು. ಮೂರು ತಿಂಗಳಿಗೊಮ್ಮೆ ಎಲ್ಲ ಒಟ್ಟಿಗೆ ಇಟ್ಟು ನೋಡಿ. ಒಂದು ತಂಡದಿಂದ 5 ಮಂದಿ ಹೋದರು ಅಂದಾಗ ಆ ತಂಡದಲ್ಲಿ ಇದ್ದದ್ದೇ 8 ಜನವೋ 80 ಜನವೋ ಅಂತ ಕೇಳದೆ ಗಾಬರಿ ಬೀಳಬೇಡಿ. ಇಬ್ಬರು ಹೇಳಿದ್ದನ್ನು ‘ಟ್ರೆಂಡ್’ ಅಂತ ಕರೆಯಲೂ ಬೇಡಿ.

ಗುಟ್ಟಿನ ವಿಷಯದಲ್ಲಿ ಮಾತ್ರ ನಾನು ತುಂಬಾ ಹುಷಾರು. ಐದಕ್ಕಿಂತ ಕಡಿಮೆ ಜನರ ಮಾತನ್ನು ತಂಡದ ಹೆಸರು ಹಾಕಿ ಮೇಲಕ್ಕೆ ಕಳಿಸುವುದಿಲ್ಲ, ಯಾರು ಹೇಳಿದ್ದು ಅಂತ ಮ್ಯಾನೇಜರ್ ಅರ್ಧ ಗಂಟೆಯಲ್ಲಿ ಊಹಿಸಿಬಿಡುತ್ತಾರೆ. ಆದರೆ ಕಿರುಕುಳ, ಮೋಸದಂಥ ದೂರು ಬಂದರೆ ಮುಚ್ಚಿಡಲು ಆಗಲ್ಲ, ಅದನ್ನು ಮಾತು ಶುರು ಮಾಡುವ ಮೊದಲೇ ಹೇಳಿಬಿಡಿ. ‘ಏನು ಹೇಳಿದರೂ ನಮ್ಮಿಬ್ಬರ ನಡುವೆಯೇ’ ಅಂತ ಆಣೆ ಹಾಕುವ ಎಚ್‌ಆರ್‌ನವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಪ್ರಶ್ನೆ: ನೇರ ಮ್ಯಾನೇಜರೇ ಮಾತಾಡಿದರೆ ಆಗಲ್ವಾ? ಅವರಿಗೇ ಜಾಸ್ತಿ ಗೊತ್ತಿರುತ್ತೆ.

ಆಗಲ್ಲ. ಎಷ್ಟೋ ಸಲ ಕಾರಣ ಅವರೇ ಆಗಿರುತ್ತಾರೆ.

ಪ್ರಶ್ನೆ: ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ಪಡೆಯುವಾಗಲೇ ಮುಗಿಸಿದರೆ ಹೇಗೆ?

ಅವತ್ತು ಅವರ ಮನಸ್ಸು ಆಗಲೇ ಗೇಟಿನ ಹೊರಗಿರುತ್ತದೆ. ನೋಟಿಸ್ ಪೀರಿಯಡ್ ಅರ್ಧ ಕಳೆದಾಗ ಒಮ್ಮೆ ಕೂತು ಮಾತಾಡಿ. ಬಿಟ್ಟು ಮೂರ್ನಾಲ್ಕು ತಿಂಗಳಾದ ಮೇಲೆ, ಬಾಕಿ ಹಣವೆಲ್ಲ ಕೈ ಸೇರಿದ ನಂತರ, ಒಂದು ಫೋನ್ ಮಾಡಿ. ಮೊದಲ ಸಲ ಬಾರದ ಮಾತು ಆಗ ಬರುತ್ತದೆ.

ಪ್ರಶ್ನೆ: ಮುಖಭಾವ, ಕೈ ಚಲನೆ ನೋಡಿ ಸುಳ್ಳು ಹಿಡಿಯುವ ತರಬೇತಿ ಕೊಡಿಸ್ತಾರಂತೆ. ನಮ್ಮ ಎಚ್‌ಆರ್‌ಗೆ ಕೊಡಿಸಬಹುದಾ?

ಬೇಡ. ಅದು ಬುರುಡೆ. ಹೋಗುವ ಮನುಷ್ಯ ಮೂಗು ಕೆರೆದುಕೊಂಡರೆ ಮೂಗು ಕೆರೆಯುತ್ತಿದೆ ಅಂತ ಅಷ್ಟೇ ಅರ್ಥ.