ಪದಗಳೆಲ್ಲ ಗೊತ್ತು, ಕಥೆ ಗೊತ್ತಿಲ್ಲ: ಸನ್ನೆ ಭಾಷೆ ಕಡಿಮೆ ಮಾಡಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಸನ್ನೆ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ. ಓದುವಾಗ ಒಂದೊಂದು ಪದಕ್ಕೂ ಸರಿಯಾಗಿ ಸನ್ನೆ ಮಾಡುತ್ತಾಳೆ, ಆದರೆ ಕಥೆ ಏನು ಅಂದರೆ ಹೇಳಲು ಬರುವುದಿಲ್ಲ. ಮನೆಯಲ್ಲಿ ಸನ್ನೆ ಕಡಿಮೆ ಮಾಡಿದರೆ ಓದು ಸುಧಾರಿಸುತ್ತದಾ?

ಉತ್ತರ: ಕಡಿಮೆ ಮಾಡಬೇಡಿ. ತೊಂದರೆ ಇರುವುದು ಸನ್ನೆಯಲ್ಲಲ್ಲ, ‘ಒಂದೊಂದು ಪದಕ್ಕೂ’ ಎಂದು ಬರೆದಿದ್ದೀರಲ್ಲ, ಅಲ್ಲಿ.

ನಾನೂ ನನ್ನ ಮಗನಿಗೆ ಹಾಗೇ ಓದಿಸುತ್ತಿದ್ದೆ. ಪದದ ಮೇಲೆ ಬೆರಳಿಡುವುದು, ಅವನು ಸನ್ನೆ ಮಾಡುವುದು, ಮುಂದಿನ ಪದಕ್ಕೆ ಹೋಗುವುದು. ಒಂದೂ ತಪ್ಪುತ್ತಿರಲಿಲ್ಲ. ಓದು ಬಂತು ಅಂದುಕೊಂಡೆ. ‘ಮರ ಹತ್ತು’ ಎಂಬಲ್ಲಿ ಹತ್ತು ಬೆರಳು ತೋರಿಸಿದಾಗಲೂ ನಕ್ಕು ಸುಮ್ಮನಾದೆ. ಅವತ್ತೇ ಎಚ್ಚರ ಆಗಬೇಕಿತ್ತು.

ಅವನಿಗೆ ಸನ್ನೆ ಕಲಿಸುತ್ತಿದ್ದ ಮೇಡಂಗೂ ಕಿವಿ ಕೇಳಿಸುತ್ತಿರಲಿಲ್ಲ. ಅವರು ಒಂದು ದಿನ ಒಂದೇ ಸಾಲು ಬರೆದರು: ‘ಮಂಗನಿಗೆ ಆಮೆ ಹಣ್ಣು ಕೊಟ್ಟಿತು.’ ಮಗ ಮಂಗ, ಆಮೆ, ಹಣ್ಣು, ಕೊಡು ಎಂದು ನಾಲ್ಕೂ ಸನ್ನೆ ಮಾಡಿದ. ಆಮೇಲೆ ಮೇಡಂ ಎರಡು ಆಟಿಕೆ ಇಟ್ಟು, ಆಡಿ ತೋರಿಸು ಅಂದರು. ಅವನು ಮಂಗನ ಕೈಯಿಂದ ಆಮೆಗೆ ಹಣ್ಣು ಕೊಡಿಸಿದ. ಪೂರ್ತಿ ತಿರುಗುಮುರುಗು.

ಹೀಗೇಕೆ ಆಯಿತು ಎಂಬುದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಅರ್ಥವಾಗದೇ ಹೋದದ್ದು ಇದೇ. ಸನ್ನೆ ಭಾಷೆಯಲ್ಲಿ ಆಮೆಗೆ ಗಾಳಿಯಲ್ಲಿ ಒಂದು ಜಾಗ, ಮಂಗನಿಗೆ ಇನ್ನೊಂದು ಜಾಗ. ‘ಕೊಡು’ ಎನ್ನುವ ಕೈ ಆಮೆಯ ಜಾಗದಿಂದ ಮಂಗನ ಜಾಗಕ್ಕೆ ಹೋಗುತ್ತದೆ. ಯಾರು ಯಾರಿಗೆ ಕೊಟ್ಟರು ಎಂಬುದು ಆ ದಾರಿಯಲ್ಲೇ ಇದೆ. ಬರಹದಲ್ಲಿ ಆ ಕೆಲಸ ಮಾಡುವುದು ‘ಮಂಗನಿಗೆ’ಯ ಕೊನೆಯಲ್ಲಿರುವ ಪುಟ್ಟ ‘ಗೆ’. ಕಿವಿ ಕೇಳುವ ಮಗು ಅಕ್ಷರ ಕಲಿಯುವ ಮೊದಲೇ ‘ನನಗೆ, ಅಮ್ಮನಿಗೆ’ ಎಂದು ಕೇಳಿ ಕೇಳಿ ಅದನ್ನು ಮೈಗೂಡಿಸಿಕೊಂಡಿರುತ್ತದೆ. ನಮ್ಮ ಮಕ್ಕಳು ಅದನ್ನು ಮೊದಲು ನೋಡುವುದೇ ಕಾಗದದ ಮೇಲೆ. ನಾನು ಪದ ಪದ ಬಿಡಿಸಿ ಸನ್ನೆ ಮಾಡಿಸಿದಾಗ ಕೈಯ ದಾರಿಯೂ ಹೋಯಿತು, ‘ಗೆ’ಯೂ ಹೋಯಿತು. ಉಳಿದದ್ದು ನಾಲ್ಕು ಹೆಸರು. ಆಗ ಮಗು ಮೊದಲು ಬಂದವನೇ ಕೆಲಸ ಮಾಡಿದವನು ಎಂದು ಊಹಿಸುತ್ತದೆ. ಎಷ್ಟೋ ಸಾಲುಗಳಲ್ಲಿ ಆ ಊಹೆ ಸರಿಯಾಗಿಯೇ ಇರುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಈಗ ನಾವು ಮಾಡುವುದು ಹೀಗೆ. ಇಡೀ ಸಾಲನ್ನು ಅವನು ಮನಸ್ಸಿನಲ್ಲೇ ಓದುತ್ತಾನೆ. ಆಮೇಲೆ ಪುಸ್ತಕದಿಂದ ಕಣ್ಣು ತೆಗೆದು, ತನ್ನ ಸನ್ನೆ ಭಾಷೆಯಲ್ಲಿ ಪೂರ್ತಿ ಹೇಳುತ್ತಾನೆ. ಕೈ ಯಾವ ಕಡೆ ಹೋಯಿತು ಎಂದು ನಾನು ನೋಡುತ್ತೇನೆ. ತಪ್ಪಿದರೆ ಸರಿಯಾದ ದಾರಿಯನ್ನು ಕೈಯಲ್ಲಿ ತೋರಿಸಿ, ತಕ್ಷಣ ‘ಗೆ’ ಮೇಲೆ ಬೆರಳಿಡುತ್ತೇನೆ. ನಂತರ ಮೂರು ಸಾಲು ಒಂದರ ಕೆಳಗೊಂದು ಬರೆಯುತ್ತೇನೆ: ‘ಮಂಗನಿಗೆ ಆಮೆ ಹಣ್ಣು ಕೊಟ್ಟಿತು’, ‘ಆಮೆ ಮಂಗನಿಗೆ ಹಣ್ಣು ಕೊಟ್ಟಿತು’, ‘ಆಮೆಗೆ ಮಂಗ ಹಣ್ಣು ಕೊಟ್ಟಿತು’. ಮೂರನ್ನೂ ಆಡಿ ತೋರಿಸಬೇಕು. ಮೊದಲ ಎರಡೂ ಒಂದೇ, ಮೂರನೆಯದು ಬೇರೆ ಎಂದು ಅವನೇ ಕಂಡುಕೊಂಡ ಮೇಲೆ ‘ಅನ್ನು’, ‘ಇಂದ’ ಕಡೆ ಹೋದೆವು.

ನಿಜವಾಗಿ ಓದಿದ್ದಾಳಾ, ಊಹಿಸಿದ್ದಾಳಾ ಎಂದು ತಿಳಿಯಲು ವಿಚಿತ್ರವಾದ ಸಾಲು ಕೊಡಿ. ‘ಆನೆಯನ್ನು ಇರುವೆ ಎತ್ತಿತು.’ ಊಹಿಸುವ ಮಗು ಆನೆಯ ಕೈಯಲ್ಲಿ ಇರುವೆಯನ್ನು ಎತ್ತಿಸುತ್ತದೆ. ಓದಿದ ಮಗು ನಗುತ್ತದೆ.

ಸನ್ನೆ ಬಿಡಿಸಿ ಎನ್ನುವವರು ನಿಮಗೂ ಸಿಗುತ್ತಾರೆ. ಅವರಿಗೆ ಇದನ್ನು ಹೇಳಿ: ಮೈಕಲ್ ಸ್ಟ್ರಾಂಗ್ ಮತ್ತು ಫಿಲಿಪ್ ಪ್ರಿಂಜ್ ಎಂಬ ಸಂಶೋಧಕರು 8ರಿಂದ 15 ವರ್ಷದ, ಕಿವಿ ಕೇಳದ ನೂರೈವತ್ತಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕನ್ ಸನ್ನೆ ಭಾಷೆ ಚೆನ್ನಾಗಿದ್ದವರ ಇಂಗ್ಲಿಷ್ ಓದು ಬರಹವೂ ಮೇಲಿತ್ತು. ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಸನ್ನೆ ಓದಿಗೆ ಅಡ್ಡಿ ಎನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಅಷ್ಟಕ್ಕೂ ಆ ‘ಗೆ’ಯನ್ನು ನೀವು ಸನ್ನೆ ಇಲ್ಲದೆ ಯಾವ ಭಾಷೆಯಲ್ಲಿ ವಿವರಿಸುತ್ತೀರಿ?

ಇನ್ನೊಂದು, ಶಾಲೆಯ ಅಂಕ ನಂಬಬೇಡಿ. ‘ಹಣ್ಣು ಕೊಟ್ಟಿದ್ದು ಯಾರು?’ ಎಂದರೆ ನನ್ನ ಮಗ ಪಾಠದಲ್ಲಿ ‘ಹಣ್ಣು’ ಇರುವ ಸಾಲು ಹುಡುಕಿ, ಹಾಗೇ ಇಳಿಸುತ್ತಿದ್ದ. ಪೂರ್ತಿ ಅಂಕ ಬರುತ್ತಿತ್ತು. ಪಾಠದ ಪದಗಳೇ ಇಲ್ಲದ ಪ್ರಶ್ನೆ ಕೇಳಿ ಎಂದು ಟೀಚರ್‌ಗೆ ಹೇಳಿ. ‘ಈಗ ಯಾರ ಕೈ ಖಾಲಿ?’ ಎಂದರೆ ಸಾಕು. ಉತ್ತರವನ್ನು ಸನ್ನೆಯಲ್ಲೇ ಹೇಳಲಿ, ಇಲ್ಲದಿದ್ದರೆ ತಪ್ಪಿದ್ದು ಓದಿನಲ್ಲೋ ಬರವಣಿಗೆಯಲ್ಲೋ ಗೊತ್ತಾಗುವುದಿಲ್ಲ.