ಕರು ಹಾಕುವ ಹಿಂದಿನ ರಾತ್ರಿ ಹಸು ಹೊಡೆದುಕೊಂಡು ಹೋದರು

"ಅಮೆರಿಕದಲ್ಲಿರುವ ನಮ್ಮಕ್ಕನ ಮಗ ಒಂದು ಕಂಪನಿಯ 90ರ ಕಾಲ್ ಮಾರಿ, 100ರ ಕಾಲ್ ಕೊಂಡಿದ್ದ. ಐದು ಕಾಂಟ್ರಾಕ್ಟ್. ಜಾಸ್ತಿ ಅಂದ್ರೆ 3000 ಡಾಲರ್ ಹೋಗುತ್ತೆ ಮಾಮ ಅಂದಿದ್ದ. ಎಕ್ಸ್‌ಪೈರಿಗೆ ಇನ್ನೂ ಒಂದು ವಾರ ಇರುವಾಗಲೇ ಬೆಳಿಗ್ಗೆ ಎದ್ದು ನೋಡಿದರೆ ಖಾತೆಯಲ್ಲಿ ಮೈನಸ್ 500 ಷೇರು! ಗಾಬರಿಯಲ್ಲಿ ತನ್ನ ಹತ್ತಿರ ಇದ್ದ 100ರ ಕಾಲ್ ಎಕ್ಸರ್ಸೈಸ್ ಮಾಡಿ ಮುಗಿಸಿದ. ಹೋದದ್ದು 3400. ಡಿವಿಡೆಂಡ್ ಬೇರೆ ಇವನೇ ಕಟ್ಟಬೇಕಾಯಿತಂತೆ. ನಾನೂ ಇಲ್ಲಿ ನಿಫ್ಟಿ ಮತ್ತು ನಾಲ್ಕೈದು ಷೇರುಗಳ ಆಪ್ಷನ್ ಮಾರುತ್ತೇನೆ. ನಮ್ಮದು ಯುರೋಪಿಯನ್, ಅಸೈನ್‌ಮೆಂಟ್ ಭಯವೇ ಇಲ್ಲ ಅಂತಾರೆ ಗೆಳೆಯರು. ನಿಜಾನಾ?"
— ಓದುಗರೊಬ್ಬರು, ಚಳ್ಳಕೆರೆ

ಅರ್ಧ ನಿಜ. ಉಳಿದ ಅರ್ಧಕ್ಕೆ ನಾನೇ ಒಮ್ಮೆ ದುಡ್ಡು ಕಟ್ಟಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹುಡುಗನ ಕಥೆ ನೋಡೋಣ, ಯಾಕೆಂದರೆ ಅದರಲ್ಲಿ ಯಾವ ಮೋಸವೂ ಇಲ್ಲ, ಹಿಂದಿನ ದಿನವೇ ಲೆಕ್ಕ ಹಾಕಿ ಹೇಳಬಹುದಾಗಿದ್ದ ಸಂಗತಿ ಅದು.

ನಿಮ್ಮ ಕೊಟ್ಟಿಗೆಯಲ್ಲಿ ಒಂದು ಗಬ್ಬದ ಹಸು ಇದೆ ಅಂದುಕೊಳ್ಳಿ. ಒಬ್ಬ ಬಂದು ಮುಂಗಡ ಕೊಟ್ಟು, "ದೀಪಾವಳಿ ಒಳಗೆ ಯಾವತ್ತು ಬೇಕಾದ್ರೂ ಬಂದು ನಲವತ್ತು ಸಾವಿರಕ್ಕೆ ಹೊಡ್ಕೊಂಡು ಹೋಗ್ತೀನಿ" ಅಂತ ಮಾತಾಡಿಕೊಂಡ. ಅವನ ಈ ಹಕ್ಕೇ ಕಾಲ್, ನಲವತ್ತು ಸಾವಿರ ಅದರ ಸ್ಟ್ರೈಕ್, ದೀಪಾವಳಿ ಎಕ್ಸ್‌ಪೈರಿ. ಅವನು ಬಂದು ಹಸು ಕೇಳುವುದು ಎಕ್ಸರ್ಸೈಸ್, ಕೊಡುವ ಸರದಿ ನಿಮಗೆ ಬೀಳುವುದು ಅಸೈನ್‌ಮೆಂಟ್. ಹೀಗೆ ಯಾವತ್ತು ಬೇಕಾದ್ರೂ ಬರಬಹುದಾದದ್ದು ಅಮೆರಿಕನ್ ಸ್ಟೈಲ್. "ದೀಪಾವಳಿ ದಿನವೇ ಬರ್ತೀನಿ, ಅದಕ್ಕಿಂತ ಮುಂಚೆ ಬರಂಗಿಲ್ಲ" ಅಂದರೆ ಯುರೋಪಿಯನ್. ದೇಶಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ. ಅಮೆರಿಕದಲ್ಲೇ SPX ಇಂಡೆಕ್ಸ್ ಆಪ್ಷನ್ ಯುರೋಪಿಯನ್, ಅದೇ ಇಂಡೆಕ್ಸ್ ಹಿಂದೆ ಓಡುವ SPY ಫಂಡಿನ ಆಪ್ಷನ್ ಅಮೆರಿಕನ್. ಅಲ್ಲಿನ ಕಂಪನಿ ಷೇರುಗಳ ಆಪ್ಷನ್ನೂ ಅಮೆರಿಕನ್ನೇ.

ಈಗ ಹೇಳಿ, ಯಾವತ್ತು ಬೇಕಾದರೂ ಬರಬಹುದಾದವನು ಯಾವತ್ತು ಬರುತ್ತಾನೆ? ಸುಮ್ನೆ ಬೇಗ ಬಂದರೆ ಅವನಿಗೆ ನಷ್ಟ. ನಲವತ್ತು ಸಾವಿರ ಬೇಗ ಕೈಬಿಡುತ್ತೆ, ಜೊತೆಗೆ ನಾಳೆ ಹಸುವಿಗೆ ರೋಗ ಬಂದರೆ ಬೇಡ ಅನ್ನುವ ಹಕ್ಕೂ ಹೋಗುತ್ತೆ. ಹಾಗಾಗಿ ಕಾಯುತ್ತಾನೆ. ಆದರೆ ನಾಳೆ ಹಸು ಕರು ಹಾಕುತ್ತೆ, ಹಾಕಿದ ಕರು ನಿಮಗೇ ಸೇರುತ್ತೆ, ಕರು ಇಲ್ಲದ ಹಸುವಿನ ಬೆಲೆ ಅಷ್ಟು ಇಳಿಯುತ್ತೆ ಅಂತ ಗೊತ್ತಾದರೆ? ಇವತ್ತು ಸಂಜೆಯೇ ಹಗ್ಗ ಹಿಡಿದುಕೊಂಡು ಬರುತ್ತಾನೆ. ಡಿವಿಡೆಂಡ್ ಅಂದರೆ ಆ ಕರು. ಎಕ್ಸ್-ಡಿವಿಡೆಂಡ್ ದಿನ ಷೇರಿನ ಬೆಲೆ ಸುಮಾರಾಗಿ ಡಿವಿಡೆಂಡಿನಷ್ಟು ಕೆಳಗೆ ತೆರೆಯುತ್ತೆ. ಕಾಲ್ ಹಿಡಿದವನಿಗೆ ಡಿವಿಡೆಂಡ್ ಬರಲ್ಲ, ಬೆಲೆ ಇಳಿದ ಪೆಟ್ಟು ಮಾತ್ರ ಬೀಳುತ್ತೆ.

ನೀವು ಅಂಕಿಗಳನ್ನು ಪೂರ್ತಿ ಬರೆದಿಲ್ಲ. 3000 ಮತ್ತು 3400 ಎರಡಕ್ಕೂ ಹೊಂದುವ ಹಾಗೆ ಇಟ್ಟುಕೊಂಡು ನೋಡುತ್ತೇನೆ. ಒಂದು ಕಾಲ್ ಮಾರಿ ಇನ್ನೊಂದು ಕೊಂಡ ಈ ಜೋಡಿಗೆ ಸ್ಪ್ರೆಡ್ ಅನ್ನುತ್ತಾರೆ. ಅದನ್ನು ಮಾರಿದಾಗ ಷೇರಿಗೆ 4 ಡಾಲರ್ ಬಂದಿತ್ತು, ಅಂದರೆ ಐದು ಕಾಂಟ್ರಾಕ್ಟಿನ 500 ಷೇರಿಗೆ 2000. ಎರಡು ಸ್ಟ್ರೈಕಿನ ನಡುವೆ ಅಂತರ 10, ಹಾಗಾಗಿ ಜಾಸ್ತಿ ಅಂದ್ರೆ ಷೇರಿಗೆ 6 ಹೋಗಬೇಕು. ಅದೇ ಅವನ 3000. ಆ ಸಂಜೆ ಷೇರು 104ರಲ್ಲಿದೆ, ಮಾರನೇ ದಿನ 80 ಸೆಂಟ್ಸ್ ಡಿವಿಡೆಂಡ್, ಎಕ್ಸ್‌ಪೈರಿಗೆ ಎಂಟು ದಿನ ಬಾಕಿ.

90ರ ಕಾಲ್ ಹಿಡಿದವನು ಕಾದರೆ ನಾಳೆ ಷೇರು 103.20, ಅವನ ಕಾಲ್ 14ರಿಂದ 13.20ರ ಆಸುಪಾಸಿಗೆ ಇಳಿಯುತ್ತೆ. ಇವತ್ತೇ ಎಕ್ಸರ್ಸೈಸ್ ಮಾಡಿದರೆ 103.20ರ ಷೇರೂ ಕೈಯಲ್ಲಿ, 80 ಸೆಂಟ್ಸೂ ಕೈಯಲ್ಲಿ. ಬಿಟ್ಟುಕೊಡುವುದು ಎರಡು ಮಾತ್ರ: 90 ಡಾಲರಿಗೆ ಎಂಟು ದಿನದ ಬಡ್ಡಿ, ವರ್ಷಕ್ಕೆ ನಾಲ್ಕು ಪರ್ಸೆಂಟ್ ಅಂದುಕೊಂಡರೂ 8 ಸೆಂಟ್ಸ್. ಇನ್ನೊಂದು, ಷೇರು 90ಕ್ಕಿಂತ ಕೆಳಗೆ ಹೋದರೆ ಬೇಡ ಅನ್ನುವ ಹಕ್ಕು. ಈ ಹಕ್ಕಿನ ಬೆಲೆಯನ್ನು ಯಾರೂ ಊಹೆ ಮಾಡಬೇಕಿಲ್ಲ, ಸ್ಕ್ರೀನಿನಲ್ಲೇ ಇರುತ್ತೆ, ಅದೇ ಸ್ಟ್ರೈಕಿನ ಪುಟ್, ಅಂದರೆ ಆ ಬೆಲೆಗೆ ಷೇರು ಮಾರುವ ಹಕ್ಕು, ಅದರ ಬೆಲೆ ಅದು. 104ರ ಷೇರಿಗೆ ಎಂಟು ದಿನದ 90ರ ಪುಟ್ ಅಂದರೆ 5 ಸೆಂಟ್ಸ್ ಇದ್ದರೆ ಹೆಚ್ಚು. 13 ಸೆಂಟ್ಸ್ ಬಿಟ್ಟು 80 ಸೆಂಟ್ಸ್ ತೆಗೆದುಕೊಳ್ಳುವುದನ್ನು ಬುದ್ಧಿ ಇರುವ ಯಾರು ಬಿಡುತ್ತಾರೆ?

ಮಾರಿದವರು ಹಿಂದಿನ ಸಂಜೆ ನೋಡಬೇಕಾದದ್ದು ಇಷ್ಟೇ. ತಾನು ಮಾರಿದ ಕಾಲ್‌ನ ಸ್ಟ್ರೈಕಿನಲ್ಲೇ ಪುಟ್ ಎಷ್ಟಿದೆ ನೋಡಿ, ಅದು ಡಿವಿಡೆಂಡಿಗಿಂತ ಸ್ಪಷ್ಟವಾಗಿ ಕಮ್ಮಿ ಇದ್ದರೆ ಅಸೈನ್‌ಮೆಂಟ್ ಬರುತ್ತೆ ಅಂತಲೇ ತಿಳಿದುಕೊಳ್ಳುವುದು. ಪುಟ್ 2 ಡಾಲರ್ ಇದ್ದು ಡಿವಿಡೆಂಡ್ 80 ಸೆಂಟ್ಸ್ ಇದ್ದರೆ ನಿದ್ದೆ ಮಾಡಬಹುದು. ಹಾಗಂತ ಕಟ್ಟಾ ಗ್ಯಾರಂಟಿ ಏನಲ್ಲ. ಲೆಕ್ಕ ಗೊತ್ತಿಲ್ಲದೆ ಎಕ್ಸರ್ಸೈಸ್ ಮಾಡುವವರೂ ಇರುತ್ತಾರೆ, ಮಾಡಬೇಕಾದಾಗ ಮರೆತು ಕೂರುವವರೂ ಇರುತ್ತಾರೆ. ಎಕ್ಸರ್ಸೈಸ್ ನೋಟಿಸುಗಳನ್ನು ಅಲ್ಲಿನ ಕ್ಲಿಯರಿಂಗ್ ಸಂಸ್ಥೆ ಬ್ರೋಕರುಗಳಿಗೆ ಲಾಟರಿಯಂತೆ ಹಂಚುತ್ತೆ, ಬ್ರೋಕರು ತನ್ನ ಗಿರಾಕಿಗಳಿಗೆ ಹಂಚುತ್ತಾನೆ. ಇದೆಲ್ಲ ರಾತ್ರಿ ಆಗುವುದರಿಂದ ಮಾರಿದವನಿಗೆ ಗೊತ್ತಾಗುವುದು ಬೆಳಿಗ್ಗೆ. ಅಷ್ಟರಲ್ಲಿ ಎಕ್ಸ್-ಡಿವಿಡೆಂಡ್ ದಿನ ಶುರುವಾಗಿದೆ, ಇವನ ಹೆಸರಲ್ಲಿ 500 ಷೇರು ಶಾರ್ಟ್ ಇದೆ, ಅಂದರೆ ಕೈಯಲ್ಲಿ ಇಲ್ಲದ ಷೇರು ಕೊಟ್ಟು ಅಷ್ಟರ ಸಾಲದಲ್ಲಿದ್ದಾನೆ, ಶಾರ್ಟ್ ಇದ್ದವನು ಡಿವಿಡೆಂಡ್ ಕಟ್ಟಿಕೊಡಬೇಕು. 400 ಡಾಲರ್. ಇವನ 100ರ ಕಾಲ್‌ಗೆ ಆ ಡಿವಿಡೆಂಡ್ ಬರಲ್ಲ. ಅವನ "ಜಾಸ್ತಿ ಅಂದ್ರೆ 3000" ಒಡೆದದ್ದು ಇಲ್ಲೇ.

ಬೆಳಿಗ್ಗೆ ಅವನು ಮಾಡಿದ ಇನ್ನೊಂದು ತಪ್ಪಿಗೆ ಬೇರೆ ದುಡ್ಡು ಹೋಗಿದೆ. 100ರ ಕಾಲ್ ಎಕ್ಸರ್ಸೈಸ್ ಮಾಡಿ 100ಕ್ಕೆ ಷೇರು ತಂದು ಸಾಲ ತೀರಿಸಿದ. 90ಕ್ಕೆ ಕೊಟ್ಟು 100ಕ್ಕೆ ತಂದದ್ದಕ್ಕೆ 5000 ಹೋಯಿತು, ಡಿವಿಡೆಂಡ್ 400, ಮೊದಲೇ ಬಂದಿದ್ದ 2000 ಕಳೆದರೆ 3400. ಆದರೆ ಆ ಹೊತ್ತಿಗೆ 103.20ರ ಷೇರಿನ 100ರ ಕಾಲ್ ಮಾರುಕಟ್ಟೆಯಲ್ಲಿ 3.60ರ ಹತ್ತಿರ ಇರುತ್ತೆ, ಯಾಕೆಂದರೆ ಇನ್ನೂ ಒಂದು ವಾರದ ಜೀವ ಇದೆ. ಎಕ್ಸರ್ಸೈಸ್ ಮಾಡಿದರೆ ಸಿಗುವುದು 3.20 ಮಾತ್ರ. ಷೇರನ್ನು ಮಾರುಕಟ್ಟೆಯಲ್ಲೇ ಕೊಂಡು, ಆಮೇಲೆ ಕಾಲ್ ಮಾರಿದ್ದರೆ ಷೇರಿಗೆ 40 ಸೆಂಟ್ಸ್ ಉಳಿದು ನಷ್ಟ 3200ಕ್ಕೆ ನಿಲ್ಲುತ್ತಿತ್ತು. ಇಲ್ಲಿ ಕ್ರಮ ಮುಖ್ಯ: ಮೊದಲು ಷೇರು ಕೊಳ್ಳುವುದು, ಆಮೇಲೆ ಕಾಲ್ ಮಾರುವುದು. ತಿರುಗಾಮುರುಗಾ ಮಾಡಿದರೆ ನಡುವಿನ ಎರಡು ನಿಮಿಷ ಬರೀ ಶಾರ್ಟ್ ಮೇಲೆ ನಿಂತಿರುತ್ತೀರಿ. ಹಿಂದಿನ ಸಂಜೆಯೇ ಎರಡೂ ಕಾಲನ್ನು ಒಟ್ಟಿಗೆ ಮುಚ್ಚಿದ್ದರೆ? ಎರಡೂ ಹೆಚ್ಚುಕಮ್ಮಿ ತಮ್ಮ ನಿಜ ಬೆಲೆಗೇ, ಅಂದರೆ ಆಗಲೇ ಎಕ್ಸರ್ಸೈಸ್ ಮಾಡಿದರೆ ಸಿಗುವಷ್ಟಕ್ಕೇ, 14.05 ಮತ್ತು 4ರ ಹತ್ತಿರ, ಇರುತ್ತಿದ್ದವು. ನಷ್ಟ ಸುಮಾರು 3025.

ಪುಟ್ ಮಾರಿದವರಿಗೂ ಅಲ್ಲಿ ಮುಂಚಿತ ಅಸೈನ್‌ಮೆಂಟ್ ಬರುತ್ತೆ, ಆದರೆ ಕಾರಣ ಡಿವಿಡೆಂಡ್ ಅಲ್ಲ, ಬಡ್ಡಿ. ಷೇರು ಪಾತಾಳಕ್ಕೆ ಬಿದ್ದಿರುವಾಗ ಪುಟ್ ಹಿಡಿದವನು ಇವತ್ತೇ ಷೇರು ಕೊಟ್ಟು ಸ್ಟ್ರೈಕಿನ ದುಡ್ಡು ಎಣಿಸಿಕೊಂಡರೆ ಅದಕ್ಕೆ ಬಡ್ಡಿ ಓಡುತ್ತೆ. ಅಷ್ಟು ಆಳದ ಪುಟ್ ಮಾರಿ ಸುಮ್ಮನೆ ಕೂತವರು ಕಮ್ಮಿ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ನಿಮ್ಮ ವಿಷಯ. ನಿಮ್ಮ ಸ್ಕ್ರೀನಿನಲ್ಲಿ CE, PE ಅಂತ ಇರುತ್ತಲ್ಲ, ಅದರಲ್ಲಿ C ಕಾಲ್, P ಪುಟ್, E ಅಂದರೆ ಯುರೋಪಿಯನ್. ನಮ್ಮಲ್ಲಿ 2001ರಲ್ಲಿ ಆಪ್ಷನ್ ಶುರುವಾದಾಗ ನಿಫ್ಟಿಯದ್ದು ಯುರೋಪಿಯನ್, ಷೇರುಗಳದ್ದು ಅಮೆರಿಕನ್ ಇತ್ತು. ಷೇರಿನ ಆಪ್ಷನ್ನಿಗೆ CA, PA ಅಂತ ಬರುತ್ತಿತ್ತು, ನಮ್ಮ ವಯಸ್ಸಿನವರಿಗೆ ನೆನಪಿರಬಹುದು. 2011ರ ಜನವರಿ ಕಾಂಟ್ರಾಕ್ಟಿನಿಂದ ಷೇರುಗಳದ್ದೂ ಯುರೋಪಿಯನ್ ಆಯಿತು. ಹಾಗಾಗಿ ಡಿವಿಡೆಂಡ್ ಹಿಂದಿನ ರಾತ್ರಿ ನಿಮ್ಮ ಮನೆ ಬಾಗಿಲು ಯಾರೂ ತಟ್ಟಲ್ಲ. ಇದಕ್ಕೆ ಸಾಕ್ಷಿಯೂ ಸ್ಕ್ರೀನಿನಲ್ಲೇ ಸಿಗುತ್ತೆ. ತುಂಬಾ ಆಳದ ಪುಟ್ ಕೆಲವೊಮ್ಮೆ ತನ್ನ ನಿಜ ಬೆಲೆಗಿಂತ ಒಂದೆರಡು ರೂಪಾಯಿ ಕಮ್ಮಿಗೆ ಓಡುತ್ತಿರುತ್ತೆ, 200 ಇರಬೇಕಾದದ್ದು 198. ಅಮೆರಿಕನ್ ಆಗಿದ್ದರೆ ಯಾರಾದರೂ ಕೊಂಡು ತಕ್ಷಣ ಎಕ್ಸರ್ಸೈಸ್ ಮಾಡಿ ಆ ಎರಡು ರೂಪಾಯಿ ಬಾಚಿಕೊಳ್ಳುತ್ತಿದ್ದರು. ಇಲ್ಲಿ ಎಕ್ಸ್‌ಪೈರಿವರೆಗೆ ಕಾಯಲೇಬೇಕು, ಅದಕ್ಕೇ ಆ ಕೊರತೆ ಹಾಗೇ ನಿಲ್ಲುತ್ತೆ.

ನಿಫ್ಟಿಯಲ್ಲಿ ಕಥೆ ಇಲ್ಲಿಗೆ ಮುಗಿಯಿತು, ಕೊನೆಯ ದಿನ ವ್ಯತ್ಯಾಸದ ದುಡ್ಡು ಅತ್ತಿತ್ತ ಆಗುತ್ತೆ ಅಷ್ಟೇ. ಷೇರುಗಳಲ್ಲಿ ಹಾಗಲ್ಲ. 2018ರಿಂದ ಹಂತ ಹಂತವಾಗಿ ತಂದು, 2019ರ ಅಕ್ಟೋಬರ್ ಎಕ್ಸ್‌ಪೈರಿ ಹೊತ್ತಿಗೆ ಎಲ್ಲಾ ಷೇರುಗಳ ಆಪ್ಷನ್ನಿಗೂ ನಿಜವಾದ ಡೆಲಿವರಿ ಮಾಡಿದರು. ನಿಮ್ಮ ಗೆಳೆಯರು ಮರೆತದ್ದು ಇದನ್ನೇ. ಅಸೈನ್‌ಮೆಂಟ್ ಇಲ್ಲ ಅಂತಲ್ಲ, ಒಂದೇ ದಿನಕ್ಕೆ ಕೂಡಿಟ್ಟಿದ್ದಾರೆ. ಅಲ್ಲಿ ಲಾಟರಿಯಲ್ಲಿ ತಪ್ಪಿಸಿಕೊಳ್ಳುವ ಚಾನ್ಸಾದರೂ ಇದೆ, ಇಲ್ಲಿ ಲಾಭದಲ್ಲಿ ಮುಗಿದ ಆಪ್ಷನ್ನೆಲ್ಲ ತಾನಾಗಿಯೇ ಎಕ್ಸರ್ಸೈಸ್ ಆಗುತ್ತೆ, ಎದುರಿಗೆ ಮಾರಿದವರೆಲ್ಲರಿಗೂ ಪಾಲು ಬರುತ್ತೆ.

ನನ್ನ ಪೆಟ್ಟು ಹೀಗೆ. ಒಂದು ಷೇರಿನ 1000ದ PE ಒಂದು ಲಾಟ್ ಮಾರಿದ್ದೆ, 500 ಷೇರು, 6 ರೂಪಾಯಿಯಂತೆ 3000 ಬಂದಿತ್ತು. ಎಕ್ಸ್‌ಪೈರಿ ದಿನ ಮಧ್ಯಾಹ್ನ ಮೂರಕ್ಕೆ ಷೇರು 1003ರಲ್ಲಿ ಇತ್ತು. ಇನ್ನೇನು ಮುಗೀತು ಅಂತ ಫೋನು ಜೇಬಿಗಿಟ್ಟು ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆದೋಸೆ ತಿನ್ನೋಕೆ ಹೋದೆ. ದೋಸೆ ಚೆನ್ನಾಗಿತ್ತು. ಷೇರು ಮುಗಿದದ್ದು 996ಕ್ಕೆ. ಲೆಕ್ಕದಲ್ಲಿ ನನಗೆ ಲಾಭವೇ, 3000 ಬಂದಿದೆ, 4 ರೂಪಾಯಿಯಂತೆ 2000 ಹೋಗಿದೆ. ಆದರೆ 500 ಷೇರನ್ನು 1000ದಂತೆ ಕೊಳ್ಳಬೇಕು, ಐದು ಲಕ್ಷ. ಖಾತೆಯಲ್ಲಿ ಇದ್ದದ್ದು ಒಂದು ಲಕ್ಷ ನಲವತ್ತು ಸಾವಿರ. ಅಡಿಕೆ ಮಂಡಿಯ ಸ್ನೇಹಿತರೊಬ್ಬರ ಹತ್ತಿರ ಕೈಸಾಲ ಮಾಡಿ ತುಂಬಿಸಿದೆ. ಷೇರು ಕೈಗೆ ಬಂದು ಮಾರುವ ಹೊತ್ತಿಗೆ ಬೆಲೆ 970. ಸಾವಿರ ರೂಪಾಯಿ ಲಾಭದ ವ್ಯಾಪಾರ 12 ಸಾವಿರ ನಷ್ಟದಲ್ಲಿ ಮುಗಿಯಿತು. ಬ್ರೋಕರಿನ ದಂಡ, ಬಡ್ಡಿ ಬೇರೆ.

CE ಮಾರಿ ಕೈಯಲ್ಲಿ ಷೇರು ಇಲ್ಲದಿದ್ದರೆ ಇನ್ನೂ ಕಷ್ಟ. ನೀವು ಷೇರು ಕೊಡಲೇಬೇಕು. ಕೊಡದಿದ್ದರೆ ಎಕ್ಸ್‌ಚೇಂಜು ಹರಾಜಿನಲ್ಲಿ ಕೊಂಡು ಕೊಡುತ್ತೆ, ಅಲ್ಲಿ ಬೆಲೆ ಎಷ್ಟಾಗುತ್ತೋ ಅಷ್ಟು ನಿಮ್ಮ ತಲೆಗೆ. ಸ್ಪ್ರೆಡ್ ಮಾರಿದ್ದೇನೆ ಅಂತ ಧೈರ್ಯ ಪಡಬೇಡಿ, ಷೇರು ನಿಮ್ಮ ಎರಡು ಸ್ಟ್ರೈಕಿನ ನಡುವೆ ಮುಗಿದರೆ ಕೊಂಡ ಕಾಲ್ ಸತ್ತಿರುತ್ತೆ, ಮಾರಿದ್ದು ಮಾತ್ರ ಬದುಕಿರುತ್ತೆ.

ನಾನು ಈಗ ಮಾಡುವುದು ಒಂದೇ. ಎನ್‌ಎಸ್‌ಇಯಲ್ಲಿ ತಿಂಗಳ ಕೊನೆಯ ಮಂಗಳವಾರ ಎಕ್ಸ್‌ಪೈರಿ, ಅದರ ಹಿಂದಿನ ಶುಕ್ರವಾರವೇ ಷೇರುಗಳಲ್ಲಿ ಮಾರಿದ್ದನ್ನೆಲ್ಲ ಮುಚ್ಚುತ್ತೇನೆ ಅಥವಾ ಮುಂದಿನ ತಿಂಗಳಿಗೆ ಸರಿಸುತ್ತೇನೆ, ಐವತ್ತು ಪೈಸೆ ಉಳಿದಿದ್ದರೂ ಕೊಟ್ಟು ಮುಚ್ಚುತ್ತೇನೆ. ಸ್ಟ್ರೈಕಿನ ಹತ್ತಿರ ಇಲ್ಲದ್ದನ್ನು ಬಿಡಬಹುದು ಅಂತ ನೀವು ಹೇಳಬಹುದು, ಸರಿಯೇ. ನನಗೆ ಆಗಲ್ಲ, ದೋಸೆ ನೆನಪಾಗುತ್ತೆ.

ಅಕ್ಕನ ಮಗನಿಗೆ ಹೇಳಿ, ಮುಂದಿನ ಡಿವಿಡೆಂಡ್ ಸುಮಾರಾಗಿ ಮೂರು ತಿಂಗಳಿಗೆ ಬರುತ್ತೆ, ಅಲ್ಲಿನ ಬಹಳಷ್ಟು ಕಂಪನಿಗಳು ವರ್ಷಕ್ಕೆ ನಾಲ್ಕು ಸಲ ಕೊಡುತ್ತವೆ. ಎಕ್ಸ್-ಡಿವಿಡೆಂಡ್ ದಿನಾಂಕವನ್ನು ಕಾಲ್ ಮಾರುವ ಮುಂಚೆಯೇ ನೋಡಿಕೊಳ್ಳಲಿ, ಮಾರಿದ ಮೇಲೆ ಅಲ್ಲ.

— ಸಂ.