ಹುಳುಕಡ್ಡಿ ಮಾತ್ರೆ ಮತ್ತು ಹಾರ್ಟ್, ಶುಗರ್ ಮಾತ್ರೆ

ಅಪ್ಪನಿಗೆ ಹುಳುಕಡ್ಡಿಗೆ ಇಟ್ರಾಕೊನಜೋಲ್ ಬರೆದಿದ್ದಾರೆ. ಹಾರ್ಟಿಗೆ ಅಟೊರ್ವಾಸ್ಟಾಟಿನ್ 40, ಶುಗರ್‌ಗೆ ಗ್ಲಿಮೆಪಿರೈಡ್ ಮೊದಲಿಂದ ಇದೆ. ಒಟ್ಟಿಗೆ ಕೊಡಬಹುದಾ?

ಅಟೊರ್ವಾಸ್ಟಾಟಿನ್ ಜೊತೆ ಹಾಗೇ ಕೊಡಬೇಡಿ, ಮೊದಲು ಡಾಕ್ಟರಿಗೆ ಹೇಳಿ. ಅದನ್ನು ಒಡೆದು ಹೊರಹಾಕುವ ಲಿವರಿನ ಕಿಣ್ವವನ್ನು ಇಟ್ರಾಕೊನಜೋಲ್ ತಡೆಯುತ್ತದೆ. ಹಾಗಾಗಿ ರಕ್ತದಲ್ಲಿ ಸ್ಟಾಟಿನ್ ಏರಿ ಸ್ನಾಯುಗಳು ಹಾಳಾಗಬಹುದು. ತೊಡೆ, ಭುಜ ನೋವು, ನಿಶ್ಶಕ್ತಿ, ಕಂದು ಮೂತ್ರ ಕಂಡರೆ ತಡಮಾಡಬೇಡಿ. ಸಾಮಾನ್ಯವಾಗಿ ಡೋಸ್ 20 ಮಿಗ್ರಾಂ ಮೀರದಂತೆ ಇಳಿಸುತ್ತಾರೆ, ಇಲ್ಲವೇ ರೊಸುವಾಸ್ಟಾಟಿನ್‌ಗೆ ಬದಲಿಸುತ್ತಾರೆ. ಸಿಮ್ವಾಸ್ಟಾಟಿನ್ ಆಗಿದ್ದರೆ ಜೊತೆಗೆ ಕೊಡಲೇಬಾರದು. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಹುಳುಕಡ್ಡಿಗೆಂದು ಇಟ್ರಾಕೊನಜೋಲ್ ಕೊಡುವುದೇ ತಪ್ಪು.

ಗ್ಲಿಮೆಪಿರೈಡ್‌ಗೆ ಹೆಚ್ಚು ಅಪಾಯ ಫ್ಲುಕೊನಜೋಲ್‌ನಿಂದ. ಇಟ್ರಾಕೊನಜೋಲ್ ಬದಲು ಅದನ್ನು ಬರೆದರೆ ಶುಗರ್ ಇಳಿದು ಬೆವರು, ನಡುಕ ಬರಬಹುದು. ಗ್ಲುಕೋಮೀಟರಿನಲ್ಲಿ ನೋಡುತ್ತಿರಿ. ಫ್ಲುಕೊನಜೋಲ್ ನಿಲ್ಲಿಸಿದ ಮೇಲೂ ಕೆಲವು ದಿನ ಪರಿಣಾಮ ಉಳಿಯುತ್ತದೆ.